ಒಂದೇ ದೊಡ್ಡ ಪಾರ್ಟಿ: ಲ್ಯಾಕ್ ಫ್ಯಾಕ್ಟರಿಯ ಲೆಕ್ಕ, ಡಬ್ಬಿ ಪ್ರೆಸ್ಸಿನ ಲೆಕ್ಕ

ಒಂದೇ ಪಾರ್ಟಿಯನ್ನು ನಂಬಿ ಕಾರ್ಖಾನೆ ನಡೆಸಬಹುದೇ ಎಂದು ಕೇಳಿದರೆ ಮೈಸೂರಿನವರಿಗೆ ದೂರದ ಉದಾಹರಣೆ ಬೇಕಿಲ್ಲ. ಮಂಡಿ ಮೊಹಲ್ಲಾದಿಂದ ಬನ್ನಿಮಂಟಪದ ಕಡೆಗೆ ಹೊರಟರೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗಿನ ಕಾರ್ಖಾನೆಯಾಗಿ ಶುರುವಾದದ್ದರಿಂದ ಹಳಬರ ಬಾಯಲ್ಲಿ ಅದು ಲ್ಯಾಕ್ ಫ್ಯಾಕ್ಟರಿ. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಬೀಳುವ ಅಳಿಸಲಾಗದ ಶಾಯಿ ಇಲ್ಲಿಂದಲೇ ಹೋಗುತ್ತಿದೆ. ಬಣ್ಣ, ವಾರ್ನಿಷ್ ಕೂಡ ಮಾಡುತ್ತಾರೆ, ಆದರೆ ಹೆಸರು ಬಂದದ್ದು ಶಾಯಿಯಿಂದ, ಶಾಯಿಯ ದೊಡ್ಡ ಗಿರಾಕಿ ಚುನಾವಣಾ ಆಯೋಗ. ಅರವತ್ತು ವರ್ಷ ದಾಟಿದರೂ ಗಿರಾಕಿ ಕೈಬಿಟ್ಟಿಲ್ಲ. ಇದನ್ನೇ ತೋರಿಸಿ ಹಲವರು ತಮ್ಮ ಅಂಗಡಿಯ ಬಗ್ಗೆಯೂ ನಿಶ್ಚಿಂತರಾಗಿರುತ್ತಾರೆ. ಆ ಹೋಲಿಕೆಯಲ್ಲೇ ಮೊದಲ ತಪ್ಪಿದೆ.

ತಪ್ಪು ಕಲ್ಪನೆ: ಒಳ್ಳೆಯ ಮಾಲು ಕೊಟ್ಟರೆ ದೊಡ್ಡ ಪಾರ್ಟಿ ಎಲ್ಲಿಗೂ ಹೋಗುವುದಿಲ್ಲ

ಆಯೋಗ ಲ್ಯಾಕ್ ಫ್ಯಾಕ್ಟರಿಯ ಜೊತೆ ಉಳಿದದ್ದು ಬರೀ ಗುಣಮಟ್ಟಕ್ಕಲ್ಲ. ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅದನ್ನು ತಯಾರಿಸುವ ಪರವಾನಗಿ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ಬಂದದ್ದು. ಕಾರ್ಖಾನೆ ರಾಜ್ಯ ಸರ್ಕಾರದ್ದು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಲವಣದೊಡನೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಪೂರ್ತಿ ಸೂತ್ರ ಮಾತ್ರ ಗುಟ್ಟು. ಚುನಾವಣೆ ಘೋಷಣೆಯಾದ ಮೇಲೆ ಆಯೋಗ ಇನ್ನೊಬ್ಬರನ್ನು ಹುಡುಕಿ, ಪರೀಕ್ಷಿಸಿ, ನಂಬಿ ಲಕ್ಷಗಟ್ಟಲೆ ಬಾಟಲಿ ತರಿಸಿಕೊಳ್ಳುವುದು ಸುಲಭವಲ್ಲ. ಅಂದರೆ ಅವಲಂಬನೆ ಎರಡೂ ಕಡೆ ಇದೆ.

ಈಗ ಅಗರಬತ್ತಿ ಕಂಪನಿಗೆ ಡಬ್ಬಿ ಮಾಡಿಕೊಡುವ ಒಂದು ಪ್ರೆಸ್ಸನ್ನು ನೋಡಿ. ಡ್ಯೂಪ್ಲೆಕ್ಸ್ ಬೋರ್ಡ್ ಎಲ್ಲರಿಗೂ ಸಿಗುತ್ತದೆ, ಆಫ್‌ಸೆಟ್ ಯಂತ್ರ ಎಲ್ಲ ಕಡೆ ಇದೆ, ವಿನ್ಯಾಸ ಕಂಪನಿಯದು. ಡೈ ಕೂಡ ಕಂಪನಿಯೇ ದುಡ್ಡು ಕೊಟ್ಟು ಮಾಡಿಸಿದ್ದಾದರೆ, ಅದನ್ನು ಆಟೋದಲ್ಲಿ ಹಾಕಿಕೊಂಡು ಮುಂದಿನ ಬೀದಿಯ ಪ್ರೆಸ್ಸಿಗೆ ಹೋಗಲು ಒಂದು ಬೆಳಿಗ್ಗೆ ಸಾಕು. ಗಿರಾಕಿ ನಿಮ್ಮನ್ನು ಬಿಡಲು ಎಷ್ಟು ದಿನ ಬೇಕು, ಅವರ ಜಾಗ ತುಂಬಲು ನಿಮಗೆ ಎಷ್ಟು ದಿನ ಬೇಕು: ಈ ಎರಡರ ನಡುವಿನ ಅಂತರವೇ ಅಪಾಯದ ಅಳತೆ. ಲ್ಯಾಕ್ ಫ್ಯಾಕ್ಟರಿಗೆ ಮೊದಲನೆಯದು ವರ್ಷಗಳ ಲೆಕ್ಕ. ಡಬ್ಬಿ ಪ್ರೆಸ್ಸಿಗೆ ಅದು ಒಂದು ವಾರ, ಎರಡನೆಯದು ಏಳೆಂಟು ತಿಂಗಳಾದರೂ ಆಶ್ಚರ್ಯವಿಲ್ಲ.

ತಪ್ಪು ಕಲ್ಪನೆ: ಒಬ್ಬ ಗಿರಾಕಿ ಮಾರಾಟದ ಇಷ್ಟು ಶೇಕಡಾ ಮೀರದಿದ್ದರೆ ಭಯವಿಲ್ಲ

ಮೂವತ್ತು ಎನ್ನುವವರಿದ್ದಾರೆ, ಐವತ್ತು ಎನ್ನುವವರಿದ್ದಾರೆ. ಅಂಕಿ ಯಾವುದಾದರೂ ಇರಲಿ, ಮಾರಾಟದ ಪಾಲು ನೋಡುವುದೇ ಅರ್ಧ ನೋಟ. ಅದೇ ಪ್ರೆಸ್ಸಿಗೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ.

ತಿಂಗಳ ಮಾರಾಟ 10 ಲಕ್ಷ. ಅಗರಬತ್ತಿ ಕಂಪನಿಯದು 6 ಲಕ್ಷ, ಉಳಿದ ಸಣ್ಣ ಗಿರಾಕಿಗಳದು 4 ಲಕ್ಷ. ದೊಡ್ಡ ಪಾರ್ಟಿ ದರ ಜಗ್ಗುತ್ತದೆ, ಹಾಗಾಗಿ ಅವರ 6 ಲಕ್ಷದಲ್ಲಿ ಬೋರ್ಡ್, ಇಂಕು, ಸಾಗಣೆಗೆ 4.2 ಲಕ್ಷ ಹೋಗಿ ಕೈಗೆ 1.8 ಲಕ್ಷ ಉಳಿಯುತ್ತದೆ. ಸಣ್ಣವರ 4 ಲಕ್ಷದಲ್ಲಿ 2 ಲಕ್ಷ ಉಳಿಯುತ್ತದೆ. ಬಾಡಿಗೆ, ಸಂಬಳ, ಸಾಲದ ಕಂತು ಸೇರಿ 3 ಲಕ್ಷ ಖರ್ಚು. ಕೊನೆಗೆ ಲಾಭ 80 ಸಾವಿರ.

ಮಾರಾಟದಲ್ಲಿ ದೊಡ್ಡ ಪಾರ್ಟಿಯ ಪಾಲು 60. ಉಳಿಕೆಯಲ್ಲಿ ಅದರ ಪಾಲು 47 ಮಾತ್ರ. ಇಷ್ಟಕ್ಕೇ ನಿಲ್ಲಿಸಿದರೆ ಸಮಾಧಾನ ಎನಿಸುತ್ತದೆ. ಆದರೆ ಬಾಕಿ ಪುಸ್ತಕ ತೆರೆಯಿರಿ. ಸಣ್ಣವರು ತಿಂಗಳಲ್ಲಿ ಕೊಡುತ್ತಾರೆ, ಅವರಿಂದ ಬರಬೇಕಾದ್ದು 4 ಲಕ್ಷ. ಕಂಪನಿ 90 ದಿನ ತೆಗೆದುಕೊಳ್ಳುತ್ತದೆ, ಅವರ ಬಾಕಿ 18 ಲಕ್ಷ. ಹೊರಗಿರುವ ಪ್ರತಿ ನೂರು ರೂಪಾಯಿಯಲ್ಲಿ 82 ಒಬ್ಬರ ಬಳಿಯೇ ಇದೆ. ಬ್ಯಾಂಕಿನ ಓಡಿಗೆ ವರ್ಷಕ್ಕೆ ಶೇ. 12 ಬಡ್ಡಿ ಎಂದುಕೊಂಡರೆ ಆ 18 ಲಕ್ಷದ ಭಾರ ತಿಂಗಳಿಗೆ 18 ಸಾವಿರ, 3 ಲಕ್ಷದ ಖರ್ಚಿನ ಮೇಲೆ. ಅಂದರೆ 80 ಸಾವಿರದ ಲಾಭ 62 ಸಾವಿರಕ್ಕೆ ಇಳಿಯಿತು. ಹಣ ಬರುವ ಮೊದಲೇ ಜಿಎಸ್‌ಟಿ ಕಟ್ಟಬೇಕಾದ ಸಂಕಟ ಬೇರೆ.

ಇನ್ನು ಖರ್ಚಿನ ಕಡೆ. 3 ಲಕ್ಷದಲ್ಲಿ 1.2 ಲಕ್ಷ ಈ ಕಂಪನಿಗಾಗಿಯೇ ತಂದ ಡೈ ಕಟಿಂಗ್ ಯಂತ್ರದ ಕಂತು ಮತ್ತು ಅದನ್ನು ನಡೆಸುವವರ ಸಂಬಳ ಎನ್ನಿ. ಕಂಪನಿ ನಾಳೆ ನಿಂತರೆ, ಆ 1.2 ಲಕ್ಷವನ್ನು ಇಳಿಸಲು ಸಾಧ್ಯವಾದರೆ ಸಣ್ಣ ಗಿರಾಕಿಗಳ 2 ಲಕ್ಷದಲ್ಲಿ 1.8 ಲಕ್ಷದ ಖರ್ಚು ಕಳೆದು 20 ಸಾವಿರ ಉಳಿಯುತ್ತದೆ, ಅಂಗಡಿ ಬದುಕುತ್ತದೆ. ಇಳಿಸಲಾಗದಿದ್ದರೆ ತಿಂಗಳಿಗೆ 1 ಲಕ್ಷ ನಷ್ಟ. ಎರಡರಲ್ಲೂ ಶೇಕಡಾ 60 ಎಂಬ ಅಂಕಿ ಒಂದೇ. ವ್ಯತ್ಯಾಸ ಬಂದದ್ದು ಯಂತ್ರ ಬೇರೆ ಕೆಲಸಕ್ಕೂ ಬರುತ್ತದೆಯೇ, ಕಂತು ಎಷ್ಟು ಉಳಿದಿದೆ ಎಂಬುದರಿಂದ. ಆದ್ದರಿಂದ ದೊಡ್ಡ ಆರ್ಡರ್ ಬಂದಾಗ ಬೇಡ ಎನ್ನಬೇಕಿಲ್ಲ. ಅವರಿಗಾಗಿ ತರುವ ಯಂತ್ರದ ಸಾಲವನ್ನು ಅವರ ಲಿಖಿತ ಒಪ್ಪಂದದ ಅವಧಿಗಿಂತ ಉದ್ದ ಎಳೆಯಬಾರದು. ಒಂದು ವರ್ಷದ ಪಿ.ಒ. ನಂಬಿ ಐದು ವರ್ಷದ ಸಾಲ ಮಾಡುವುದು ನಮ್ಮಲ್ಲಿ ಮಾಮೂಲು. ಅದನ್ನು ಬೆಳವಣಿಗೆ ಎನ್ನಲು ನನಗೆ ಮನಸ್ಸಿಲ್ಲ.

ತಪ್ಪು ಕಲ್ಪನೆ: ಗಿರಾಕಿ ಒಬ್ಬರೇ ಆದರೆ ಆರ್ಡರ್ ಊಹಿಸುವುದು ಸುಲಭ

ಮತ್ತೆ ಲ್ಯಾಕ್ ಫ್ಯಾಕ್ಟರಿಗೆ ಹೋಗೋಣ. 2019ರ ಲೋಕಸಭಾ ಚುನಾವಣೆಗೆ ಸುಮಾರು 26 ಲಕ್ಷ ಬಾಟಲಿ, 33 ಕೋಟಿ ರೂಪಾಯಿಯ ಆಸುಪಾಸು. 2024ಕ್ಕೆ ಸುಮಾರು 26.55 ಲಕ್ಷ ಬಾಟಲಿ, 55 ಕೋಟಿಯ ಆಸುಪಾಸು. ಬಾಟಲಿ ಹೆಚ್ಚು ಕಡಿಮೆ ಅಷ್ಟೇ, ಹಣ ಏರಿದೆ. ಬೆಳ್ಳಿಯ ದರದ ಜೊತೆ ಸಿಲ್ವರ್ ನೈಟ್ರೇಟಿನ ದರವೂ ಏರುವುದರಿಂದ ಮಾರಾಟದ ಅಂಕಿ ಹಿಗ್ಗಿದಷ್ಟು ಲಾಭ ಹಿಗ್ಗಿತೆಂದು ಹೇಳಲಾಗದು. ಬೋರ್ಡಿನ ದರ ಏರಿದಾಗ ಡಬ್ಬಿಯ ದರವೂ ತಾನಾಗಿ ಏರುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳದ ಪ್ರೆಸ್ಸಿಗೆ ಇದೇ ಪರಿಸ್ಥಿತಿ ನಷ್ಟ ತರುತ್ತದೆ.

ಆರ್ಡರಿನ ಗಾತ್ರವೂ ಗಿರಾಕಿಯ ನಿಯಮದ ಕೈಯಲ್ಲಿದೆ. 2006ಕ್ಕೆ ಮುಂಚೆ ಉಗುರು ಮತ್ತು ಚರ್ಮ ಸೇರುವ ಕಡೆ ಒಂದು ಗುರುತು ಹಾಕಿದರೆ ಸಾಕಿತ್ತು. ಆಮೇಲೆ ಉಗುರಿನ ತುದಿಯಿಂದ ಬೆರಳಿನ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯಬೇಕೆಂದಾಯಿತು. ಹೊಸ ಮತದಾರರೊಬ್ಬರೂ ಸೇರದಿದ್ದರೂ ಶಾಯಿ ಹೆಚ್ಚು ಬೇಕಾಯಿತು. 10 ಮಿಲಿ ಲೀಟರಿನ ಬಾಟಲಿ ಸುಮಾರು 700 ಮಂದಿಗೆ ಬರುತ್ತದೆ. 2025ರಲ್ಲಿ ಆಯೋಗ ಮತಗಟ್ಟೆಯೊಂದಕ್ಕೆ ಮತದಾರರ ಮಿತಿಯನ್ನು 1,500ರಿಂದ 1,200ಕ್ಕೆ ಇಳಿಸಿತು. ಮತಗಟ್ಟೆಗಳ ಸಂಖ್ಯೆ ಬದಲಾದರೆ ಬಾಟಲಿಯ ಲೆಕ್ಕವೂ ಬದಲಾಗುತ್ತದೆ. ಗೆರೆಯ ನಿಯಮ ಕಾರ್ಖಾನೆಗೆ ಅನುಕೂಲವಾಗಿಯೇ ಬಂತು, ಆದರೆ ಇವುಗಳಲ್ಲಿ ಒಂದನ್ನೂ ಕಾರ್ಖಾನೆ ನಿರ್ಧರಿಸಲಿಲ್ಲ. ಅಗರಬತ್ತಿ ಕಂಪನಿ ಡಬ್ಬಿ ಬಿಟ್ಟು ಜಿಪ್ ಪೌಚಿಗೆ ಹೋದರೆ ಅದೂ ಇಂಥದೇ ನಿರ್ಧಾರ, ದಿಕ್ಕು ಮಾತ್ರ ತಿರುವು ಮುರುವು.

ಅದಕ್ಕೇ ಖರೀದಿ ವಿಭಾಗದವರೊಬ್ಬರಿಗೆ ದೀಪಾವಳಿ ಸಿಹಿ ಕಳಿಸಿದರೆ ಸಂಬಂಧ ಗಟ್ಟಿಯಾಯಿತು ಎಂದುಕೊಳ್ಳುವುದು ಸಾಲದು. ಪೌಚಿನ ಸುದ್ದಿ ಮೊದಲು ಹುಟ್ಟುವುದು ಮಾರ್ಕೆಟಿಂಗ್ ಕೊಠಡಿಯಲ್ಲಿ, ಆಮೇಲೆ ಪ್ಯಾಕಿಂಗ್ ಶೆಡ್ಡಿನಲ್ಲಿ. ಖರೀದಿಯವರಿಗೆ ಅದು ಕೊನೆಗೆ ತಲುಪುತ್ತದೆ. ಸ್ಟೋರ್ಸ್, ಗುಣಮಟ್ಟ, ಲೆಕ್ಕಪತ್ರ ಎಲ್ಲ ಕಡೆ ಒಬ್ಬೊಬ್ಬರ ಪರಿಚಯವಿರಬೇಕು. ಹೊಸ ವಿನ್ಯಾಸದ ಪ್ರೂಫ್ ಬರುವುದು ನಿಂತಿತೇ, ಮೂರು ತಿಂಗಳ ಅಂದಾಜು ಕೊಡುತ್ತಿದ್ದವರು ವಾರದ ಆರ್ಡರಿಗೆ ಇಳಿದರೇ, ಹಳೆಯ ಡಬ್ಬಿಯ ಅಳತೆಯ ನಕ್ಷೆಯನ್ನು ಮತ್ತೆ ಕೇಳಿದರೇ? ಕೊನೆಯದು ಕಂಡರೆ ಇನ್ನೊಬ್ಬರಿಂದ ಕೊಟೇಶನ್ ತರಿಸುತ್ತಿದ್ದಾರೆ ಎಂದೇ ತಿಳಿಯಬಹುದು.

ತಪ್ಪು ಕಲ್ಪನೆ: 45 ದಿನದ ಕಾನೂನು ಕಾಪಾಡುತ್ತದೆ

ಕಾನೂನು ಇರುವುದು ನಿಜ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿಗೆ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರ ಲೆಕ್ಕದಿಂದ ಆದಾಯ ತೆರಿಗೆಯ 43ಬಿ(ಎಚ್) ಕೂಡ ಸೇರಿಕೊಂಡಿದೆ: ಅವಧಿಯೊಳಗೆ ಕೊಡದ ಮೊತ್ತವನ್ನು ಖರೀದಿದಾರ ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಆದರೆ ಈ ರಕ್ಷಣೆ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ. ಮಾಲು ಕೊಂಡು ಮಾರುವ ವ್ಯಾಪಾರಿಗೆ ನೋಂದಣಿ ಸಿಕ್ಕರೂ ಈ ಅನುಕೂಲ ಸಿಗುವುದಿಲ್ಲ. ಮಂಡಿಯಲ್ಲಿ ಅಂಥವರೇನು ಕಡಿಮೆಯೇ?

ತಯಾರಕರಿಗಾದರೂ, ಮಾರಾಟದ 60 ಭಾಗ ಕೊಡುವವರ ಮೇಲೆ ದೂರು ಕೊಡಲು ಎಷ್ಟು ಮಂದಿಗೆ ಧೈರ್ಯವಿದೆ? ಜಗಳವಿಲ್ಲದ ದಾರಿ ಟ್ರೆಡ್ಸ್. ಕಂಪನಿ ಬಿಲ್ಲನ್ನು ಆನ್‌ಲೈನಿನಲ್ಲಿ ಒಪ್ಪುತ್ತದೆ, ಬ್ಯಾಂಕುಗಳು ಬಡ್ಡಿ ಕೂಗುತ್ತವೆ, ಕಡಿಮೆ ಕೂಗಿದವರು ಹಣ ಹಾಕುತ್ತಾರೆ, ಮುಂದೆ ಕಂಪನಿ ಕೊಡದಿದ್ದರೂ ಬ್ಯಾಂಕ್ ನಿಮ್ಮ ಕಡೆ ತಿರುಗುವುದಿಲ್ಲ. ವಾರ್ಷಿಕ ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಇದರಲ್ಲಿ ಸೇರುವುದು ಕಡ್ಡಾಯ. ಮೇಲಿನ ಲೆಕ್ಕದಲ್ಲಿ ಅಪಾಯದ ದೊಡ್ಡ ತುಂಡು 18 ಲಕ್ಷದ ಬಾಕಿ. ಅದನ್ನು 6 ಲಕ್ಷಕ್ಕೆ ಇಳಿಸಿದರೆ ಮಾರಾಟದ ಪಾಲು ಬದಲಾಗದೆಯೇ ಅಪಾಯ ತಗ್ಗುತ್ತದೆ.

ತಪ್ಪು ಕಲ್ಪನೆ: ಇನ್ನೊಬ್ಬ ಗಿರಾಕಿ ಸಿಕ್ಕರೆ ಭಾರ ಹಂಚಿಹೋಗುತ್ತದೆ

ಯಾರು ಎಂಬುದು ಮುಖ್ಯ. ಮೈಸೂರಿನಲ್ಲಿ ಎರಡನೆಯ ಅಗರಬತ್ತಿ ಕಂಪನಿ ಹುಡುಕುವುದು ಕಷ್ಟವಲ್ಲ. ಆದರೆ ಅವರಿಗೂ ದಸರಾ, ದೀಪಾವಳಿಗೇ ಡಬ್ಬಿ ಬೇಕು, ಬೇಡಿಕೆ ಕುಸಿದಾಗ ಇಬ್ಬರೂ ಒಟ್ಟಿಗೇ ಕುಸಿಯುತ್ತಾರೆ. ಲ್ಯಾಕ್ ಫ್ಯಾಕ್ಟರಿ ಅದೇ ಶಾಯಿಯನ್ನು ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಕಳಿಸಿದೆ. ಮಾಲು ಒಂದೇ, ಪ್ರತಿ ದೇಶದ ಚುನಾವಣೆಯ ಪಂಚಾಂಗ ಬೇರೆ. ಡಬ್ಬಿ ಪ್ರೆಸ್ಸಿಗೆ ಔಷಧದ ಪೆಟ್ಟಿಗೆ ಅಂಥದ್ದು: ಅದೇ ಬೋರ್ಡ್, ಅದೇ ಯಂತ್ರ, ಹಬ್ಬದ ಹಂಗಿಲ್ಲ.

ಮೊದಲ ಗಿರಾಕಿ ಇದನ್ನು ಸುಮ್ಮನೆ ನೋಡುತ್ತಾರೆಂದೂ ತಿಳಿಯಬೇಡಿ. 2016ರ ನವೆಂಬರಿನಲ್ಲಿ ನೋಟು ಬದಲಿಸಲು ಬಂದವರ ಬೆರಳಿಗೆ ಬ್ಯಾಂಕುಗಳು ಇದೇ ಶಾಯಿ ಹಚ್ಚತೊಡಗಿದಾಗ, ಉಪಚುನಾವಣೆಗಳು ಎದುರಿಗಿವೆ, ಮತದಾನದಲ್ಲಿ ಗೊಂದಲವಾದೀತು ಎಂದು ಆಯೋಗ ಹಣಕಾಸು ಸಚಿವಾಲಯಕ್ಕೆ ಪತ್ರ ಬರೆಯಿತು. ಹೊಸ ಗಿರಾಕಿಯ ಸುದ್ದಿ ಹಳೆಯವರಿಗೆ ನಿಮ್ಮಿಂದಲೇ ತಿಳಿಯುವುದು ವಾಸಿ. ಹಬ್ಬದ ತಿಂಗಳಲ್ಲಿ ಯಂತ್ರದ ಇಷ್ಟು ಪಾಳಿ ನಿಮಗೇ ಮೀಸಲು ಎಂದು ಬರೆದುಕೊಡಿ. ಅದರ ಬದಲಿಗೆ ಎರಡು ಸಾಲು ಕೇಳಿ ಬರೆಸಿಕೊಳ್ಳಿ: ಆರ್ಡರ್ ನಿಲ್ಲಿಸುವುದಾದರೆ 90 ದಿನ ಮುಂಚೆ ನೋಟಿಸ್, ಅವರ ಹೆಸರಿನಲ್ಲಿ ಅಚ್ಚಾಗಿ ಗೋದಾಮಿನಲ್ಲಿ ಉಳಿದ ಡಬ್ಬಿಗೆ ಪೂರ್ತಿ ಹಣ. ಕೇಳಲು ಸರಿಯಾದ ಸಮಯ ಅವರು ಅವಸರದಲ್ಲಿ ಹೆಚ್ಚು ಮಾಲು ಕೇಳುವ ಆಗಸ್ಟ್. ಫೆಬ್ರವರಿಯಲ್ಲಿ ಕೇಳಿದರೆ ಯಾರೂ ಸಹಿ ಹಾಕುವುದಿಲ್ಲ.