ಲಸಿಕೆಗೆ ಅತಿಶೀತವೂ ಅಪಾಯ

ಶೀತಲ ದಾಸ್ತಾನಿನ ಸರಕು ಎಷ್ಟು ತಣ್ಣಗಿದ್ದರೆ ಅಷ್ಟು ಕ್ಷೇಮವೆಂಬುದು ವರ್ತಕರ ಸಾಮಾನ್ಯ ಎಣಿಕೆ. ಲಸಿಕೆಯ ವಿಷಯದಲ್ಲಿ ಇದು ತಪ್ಪುತ್ತದೆ.

ಕೊಪ್ಪ ತಾಲ್ಲೂಕಿನ ಜಯಪುರದಂತಹ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಗಳನ್ನು ಐ.ಎಲ್.ಆರ್. ಎಂಬ ಶೀತಕ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸತಕ್ಕದ್ದು. ಸರಕು ಬಂದೊಡನೆ ಬ್ಯಾಚ್ ಸಂಖ್ಯೆ, ಅವಧಿ ಹಾಗೂ ಸೀಸೆಯ ಮೇಲಿನ ವಿ.ವಿ.ಎಂ. ಗುರುತನ್ನು ಪರಿಶೀಲಿಸಿ ದಾಸ್ತಾನು ಪುಸ್ತಕಕ್ಕೆ ಏರಿಸಬೇಕು. ಗುರುತಿನ ಒಳಚೌಕವು ಹೊರವೃತ್ತಕ್ಕಿಂತ ತಿಳಿಯಾಗಿದ್ದರೆ ಮಾತ್ರ ಸೀಸೆ ಬಳಕೆಗೆ ಯೋಗ್ಯ. ಆದರೆ ಈ ಗುರುತು ಶಾಖದ ಲೆಕ್ಕವನ್ನಷ್ಟೇ ಇಡುತ್ತದೆ, ಹೆಪ್ಪುಗಟ್ಟಿದ್ದನ್ನು ತಿಳಿಸದು. ಪೆಂಟಾವೇಲೆಂಟ್, ಹೆಪಟೈಟಿಸ್-ಬಿ ಮುಂತಾದವು ಒಮ್ಮೆ ಹೆಪ್ಪುಗಟ್ಟಿದರೆ ಅವುಗಳಲ್ಲಿನ ಅಲ್ಯುಮಿನಿಯಂ ಲವಣದ ಕಣಗಳು ಗಂಟುಗಟ್ಟಿ ಲಸಿಕೆಯ ಶಕ್ತಿ ಕುಂದುತ್ತದೆ. ಪೆಟ್ಟಿಗೆಯ ತಳವೇ ಹೆಚ್ಚು ಶೀತಲವಾದುದರಿಂದ ಇವುಗಳನ್ನು ಮೇಲಿನ ಬುಟ್ಟಿಯಲ್ಲಿಯೇ ಇಡಬೇಕು.

ತಾಪಮಾನವನ್ನು ದಿನಕ್ಕೆರಡು ಬಾರಿ, ರಜಾದಿನವೂ ಸೇರಿ, ಬರೆದಿಡುವುದು ಕ್ರಮ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಕಡಿತವಾದರೆ ಮುಚ್ಚಳ ತೆರೆಯದಿರುವುದೇ ಮೊದಲ ಉಪಾಯ. ಪೆಟ್ಟಿಗೆಯ ಗೋಡೆಯಲ್ಲಿನ ಮಂಜುಗಡ್ಡೆ ಕೆಲಕಾಲ ಶೀತವನ್ನು ಕಾಯುತ್ತದೆ.

ಒಂದು ಮುಂಜಾನೆ ಮಾಪಕವು ಸೊನ್ನೆಗಿಂತ ಕೆಳಗೆ ತೋರಿತೆನ್ನಿ. ಆಗ ಶಂಕಿತ ಸೀಸೆಗಳನ್ನು ಬೇರ್ಪಡಿಸಿ, ಅದೇ ತಯಾರಕರ ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ. ಅದನ್ನೂ ಶಂಕಿತ ಸೀಸೆಯನ್ನೂ ಒಟ್ಟಿಗೆ ಕುಲುಕಿ ಪಕ್ಕಪಕ್ಕ ಇಟ್ಟಾಗ, ಎರಡರಲ್ಲೂ ಗಸಿ ಸಮವೇಗದಲ್ಲಿ ತಳಕ್ಕಿಳಿದರೆ, ಅಥವಾ ಶಂಕಿತದಲ್ಲಿಯೇ ಬೇಗ ಇಳಿದರೆ, ಆ ಲಸಿಕೆಯನ್ನು ಬಳಸಕೂಡದು. ಶಂಕಿತದಲ್ಲಿ ನಿಧಾನವಾಗಿ ಇಳಿದರೆ ಬಳಸಬಹುದು. ಮಾದರಿ ಸೀಸೆಯನ್ನಂತೂ ಗುರುತು ಹಾಕಿ ತ್ಯಜಿಸಲೇಬೇಕು.