ಹುಳಿ ಬಿಯರಿನ ಪೀಪಾಯಿಯೊಳಗೆ ಯಾರಿಗೆ ಯಾವ ಕೆಲಸ

ಬ್ರಸೆಲ್ಸ್ ನಗರದ ಆಂಡರ್‌ಲೆಕ್ಟ್‌ನಲ್ಲಿ 1900ರಲ್ಲಿ ಶುರುವಾದ ಕಾಂಟಿಯೋನ್ ಎಂಬ ಬಿಯರ್ ಮನೆಯಿದೆ. ಅಲ್ಲಿ ಚಳಿಗಾಲದ ಸಂಜೆ, ಕುದಿಸಿದ ಧಾನ್ಯದ ರಸವನ್ನು ಅಟ್ಟದ ಮೇಲಿನ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿಗೆ ಹರಿಸಿ ರಾತ್ರಿಯಿಡೀ ತೆರೆದೇ ಬಿಡುತ್ತಾರೆ. ಯೀಸ್ಟನ್ನು ಯಾರೂ ಬೆರೆಸುವುದಿಲ್ಲ. ಬೆಳಗಾಗುವಷ್ಟರಲ್ಲಿ ರಸ ಆರಿರುತ್ತದೆ. ಗಾಳಿಯಿಂದಲೂ ಮಾಡಿನ ಮರಗಳಿಂದಲೂ ಬಂದ ಸೂಕ್ಷ್ಮಜೀವಿಗಳು ಅದರೊಳಗೆ ಸೇರಿರುತ್ತವೆ. ಆಮೇಲೆ ಅದು ಮರದ ಪೀಪಾಯಿಗೆ ಹೋಗುತ್ತದೆ. ಪೀಪಾಯಿಯ ಮರದಲ್ಲೂ ಹಳೆಯ ಸರದಿಗಳ ಜೀವಿಗಳು ಮನೆಮಾಡಿಕೊಂಡಿರುತ್ತವೆ. ಹೀಗೆ ತಯಾರಾಗುವುದೇ ಲ್ಯಾಂಬಿಕ್.

ಇದರ ಹುಳಿಗೆ ಕಾಡು ಯೀಸ್ಟೇ ಕಾರಣ ಎಂದು ಹಲವರು ಹೇಳುವುದುಂಟು. ಅದು ಅರ್ಧ ನಿಜ ಮಾತ್ರ. ಯೀಸ್ಟ್ ಮುಖ್ಯವಾಗಿ ಕೊಡುವುದು ಆಲ್ಕೊಹಾಲನ್ನು, ಪರಿಮಳವನ್ನು. ಹುಳಿಯ ಬಹುಪಾಲು ಲ್ಯಾಕ್ಟಿಕ್ ಆಮ್ಲದ್ದು. ನಮ್ಮ ಮೊಸರಿನಲ್ಲಿರುವುದೂ ಅದೇ. ಅದನ್ನು ಮಾಡುವುದು ಬ್ಯಾಕ್ಟೀರಿಯಾ.

ಆದರೆ ಆ ಬ್ಯಾಕ್ಟೀರಿಯಾದ ಸರದಿ ತಡವಾಗಿ ಬರುತ್ತದೆ. ಮೊದಲ ಕೆಲವು ವಾರ ಪೀಪಾಯಿ ಕರುಳಿನ ಬ್ಯಾಕ್ಟೀರಿಯಾಗಳ ಬಳಗದ್ದು. ಆಗ ಅದನ್ನು ಕುಡಿಯುವಂತಿಲ್ಲ. ಆಮೇಲೆ ಸಾಮಾನ್ಯ ಬಿಯರ್ ಯೀಸ್ಟಿನ ಜಾತಿಯಾದ ಸ್ಯಾಕರೊಮೈಸಿಸ್ ಮೇಲುಗೈ ಪಡೆದು, ಸುಲಭವಾಗಿ ಸಿಗುವ ಸಕ್ಕರೆಯನ್ನೆಲ್ಲ ಆಲ್ಕೊಹಾಲಾಗಿಸುತ್ತದೆ. ಏರುವ ಆಲ್ಕೊಹಾಲು ಮತ್ತು ಆಮ್ಲ ಮೊದಲಿನವರನ್ನು ಓಡಿಸುತ್ತವೆ. ಮಾಮೂಲಿ ಬಿಯರಿನ ಕಥೆ ಇಲ್ಲಿಗೆ ಮುಗಿಯುತ್ತದೆ. ಲ್ಯಾಂಬಿಕ್ ಮಾಡುವವರು ಮಾತ್ರ ಮುಂದಿನವರಿಗೂ ಊಟ ಉಳಿಯುವಂತೆ ಮೊದಲೇ ನೋಡಿಕೊಂಡಿರುತ್ತಾರೆ. ಧಾನ್ಯದಲ್ಲಿ ಸುಮಾರು ಮೂರನೇ ಒಂದು ಪಾಲು ಮೊಳಕೆ ಬರಿಸದ ಗೋಧಿ. ಜೊತೆಗೆ ಪಿಷ್ಟ ಪೂರ್ತಿ ಒಡೆಯದಂತೆ ರಸ ತೆಗೆಯುವ ಕ್ರಮ. ಇದರಿಂದ ಉಳಿಯುವ ಉದ್ದ ಸರಪಣಿಯ ಸಕ್ಕರೆಗಳು ಸ್ಯಾಕರೊಮೈಸಿಸ್‌ಗೆ ದಕ್ಕುವುದಿಲ್ಲ.

ಹಾಪ್ಸ್ ಹೂಗಳನ್ನೂ ವರ್ಷಗಟ್ಟಲೆ ಹಳೆಯದಾಗಿಸಿ ಹಾಕುತ್ತಾರೆ. ಕಹಿ ಬಹುಮಟ್ಟಿಗೆ ಹೋಗಿ, ಬ್ಯಾಕ್ಟೀರಿಯಾವನ್ನು ತಡೆಯುವ ಗುಣ ಒಂದಿಷ್ಟು ಉಳಿದಿರುತ್ತದೆ. ಹುಳಿ ಬೇಕೆನ್ನುವವರು ಬ್ಯಾಕ್ಟೀರಿಯಾವನ್ನು ಯಾಕೆ ತಡೆಯಬೇಕು? ತಡೆಯದಿದ್ದರೆ ಹುಳಿ ಅವಸರದಲ್ಲಿ ಏರಿ, ಯೀಸ್ಟಿನ ಕೆಲಸ ಕೆಡುತ್ತದೆ. ಈ ಜರಡಿಯನ್ನು ದಾಟಿ ಬರುವುದು ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದರ ಕೆಲವು ತಳಿಗಳು ಒಳನುಗ್ಗಿದ ಹಾಪ್ಸ್ ಆಮ್ಲವನ್ನು ಜೀವಕೋಶದಿಂದ ಹೊರಗೆ ಪಂಪ್ ಮಾಡಬಲ್ಲವು. ಅದು ನಿಧಾನಿ. ಕೆಲವು ತಿಂಗಳು ಕಳೆದು ಬೆಚ್ಚಗಿನ ದಿನಗಳು ಬಂದಾಗ ಚುರುಕಾಗುತ್ತದೆ. ಸಕ್ಕರೆಯ ಒಂದು ಅಣುವನ್ನು ಎರಡಾಗಿ ಸೀಳಿ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಬದುಕಲು ಬೇಕಾದ ಶಕ್ತಿ ಅದಕ್ಕೆ ಅಲ್ಲಿಂದಲೇ. ಶುರುವಿನಲ್ಲಿ 5ರ ಆಸುಪಾಸಿನಲ್ಲಿದ್ದ ಪಿಎಚ್ ಕೊನೆಗೆ 3.5ರ ಹತ್ತಿರ ಇಳಿಯುತ್ತದೆ. ಅಂಕಿ ಚಿಕ್ಕದಾಗಿ ಕಂಡರೂ ಹೈಡ್ರೊಜನ್ ಅಯಾನುಗಳು ಮೂವತ್ತು ಪಟ್ಟು ಹೆಚ್ಚಾದಂತಾಯಿತು.

ಈ ಹಂತದಲ್ಲಿ ಪೀಪಾಯಿಗೆ ‘ಕಾಯಿಲೆ’ ಬರಬಹುದು. ಪೀಡಿಯೊಕಾಕಸ್ ಸಕ್ಕರೆಗಳನ್ನು ಪೋಣಿಸಿ ಅಂಟು ಮಾಡುತ್ತದೆ. ಲೋಟಕ್ಕೆ ಸುರಿದರೆ ಬಿಯರ್ ಲೋಳೆಲೋಳೆಯಾಗಿ ಎಳೆ ಬಿಡುತ್ತದೆ, ಹಸಿ ಬೆಣ್ಣೆಯ ವಾಸನೆಯೂ ಬರುತ್ತದೆ. ಹೊಸಬರು ಕೆಟ್ಟಿತೆಂದು ಚೆಲ್ಲುವುದು ಆಗಲೇ. ಚೆಲ್ಲಬಾರದು, ಕಾಯಬೇಕು. ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟಿನ ದೊಡ್ಡ ಕೆಲಸ ಇಲ್ಲೇ ಇರುವುದು. ಡೆನ್ಮಾರ್ಕಿನ ಕ್ಲಾಸೆನ್ 1904ರಲ್ಲಿ ಇಂಗ್ಲಿಷ್ ಬಿಯರಿನಲ್ಲಿ ಇದನ್ನು ಗುರುತಿಸಿ ವಿವರಿಸಿದರು. ಇದು ಉದ್ದ ಸರಪಣಿಯ ಸಕ್ಕರೆಗಳನ್ನು ತಿಂಗಳುಗಟ್ಟಲೆ ಕಡಿಯುತ್ತಾ, ಲೋಳೆಯನ್ನು ಕರಗಿಸಿ, ಬೆಣ್ಣೆಯ ವಾಸನೆಯನ್ನೂ ಅಳಿಸಿಹಾಕುತ್ತದೆ. ಸಿಹಿ ಪೂರ್ತಿ ಹೋಗುವುದರಿಂದ ಇದ್ದ ಹುಳಿಯೇ ನಾಲಗೆಗೆ ಇನ್ನೂ ಚುರುಕಾಗಿ ತಾಗುತ್ತದೆ. ಹುಳಿಗೆ ಯೀಸ್ಟ್ ಕೊಡುವ ಕೊಡುಗೆ ಹೆಚ್ಚಾಗಿ ಈ ಬಗೆಯದು.

ಗಾಳಿ ಹೆಚ್ಚು ಸಿಕ್ಕರೆ ಮಾತ್ರ ಲೆಕ್ಕ ತಪ್ಪುತ್ತದೆ. ಆಮ್ಲಜನಕ ಇದ್ದಾಗ ಬ್ರೆಟನೊಮೈಸಿಸ್ ತಾನೇ ಅಸಿಟಿಕ್ ಆಮ್ಲ ಮಾಡುತ್ತದೆ. ಅಸಿಟಿಕ್ ಬ್ಯಾಕ್ಟೀರಿಯಾ ಆಲ್ಕೊಹಾಲನ್ನೇ ಹಿಡಿದು ವಿನೆಗರ್ ಆಗಿಸುತ್ತದೆ. ಲ್ಯಾಕ್ಟಿಕ್ ಹುಳಿಯನ್ನೂ ಅಸಿಟಿಕ್ ಹುಳಿಯನ್ನೂ ಬೇರೆ ಮಾಡಲು ಮೂಗು ಸಾಕು. ಲ್ಯಾಕ್ಟಿಕ್ ಆಮ್ಲಕ್ಕೆ ವಾಸನೆ ಇಲ್ಲವೆಂದೇ ಹೇಳಬಹುದು, ಹುಳಿ ನಾಲಗೆಯ ಮೇಲಷ್ಟೇ. ಅಸಿಟಿಕ್ ಆಮ್ಲ ಲೋಟ ಬಾಯಿಗೆ ಬರುವ ಮೊದಲೇ ಮೂಗಿಗೆ ಚುಚ್ಚುತ್ತದೆ, ಗಂಟಲಲ್ಲಿ ಉರಿಯುತ್ತದೆ. ಅಸಿಟಿಕ್ ಬ್ಯಾಕ್ಟೀರಿಯಾವನ್ನು ಹೊತ್ತು ತರುವವು ಹಣ್ಣಿನ ನೊಣಗಳು. ಅವನ್ನು ಜೇಡಗಳು ಹಿಡಿಯುವುದರಿಂದ ಕಾಂಟಿಯೋನ್‌ನಲ್ಲಿ ಜೇಡರ ಬಲೆ ಗುಡಿಸುವುದಿಲ್ಲ. ನಮ್ಮ ಆಹಾರ ಇನ್‌ಸ್ಪೆಕ್ಟರು ಒಪ್ಪುತ್ತಾರೋ ಇಲ್ಲವೋ!

ಇಷ್ಟು ಕಾಯಲಾಗದವರಿಗೆ ಅಡ್ಡದಾರಿಯಿದೆ. ಬೆಚ್ಚಗಿನ ರಸಕ್ಕೆ ಲ್ಯಾಕ್ಟೊಬ್ಯಾಸಿಲಸ್ ಹಾಕಿದರೆ ಒಂದೆರಡು ದಿನದಲ್ಲಿ ಹುಳಿ ಬರುತ್ತದೆ. ಆಮೇಲೆ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಂದು, ಮಾಮೂಲಿ ಯೀಸ್ಟ್ ಬೆರೆಸುತ್ತಾರೆ. ಹುಳಿ ಶುದ್ಧವಾಗಿರುತ್ತದೆ, ಆದರೆ ರುಚಿ ತೆಳು. ಬ್ರೆಟನೊಮೈಸಿಸ್ ಇಲ್ಲದ ಕೊರತೆ ತಿಳಿಯುತ್ತದೆ. ಕಾಯುವ ಲ್ಯಾಂಬಿಕ್‌ನವರಾದರೋ ಒಂದು, ಎರಡು, ಮೂರು ವರ್ಷದ ಪೀಪಾಯಿಗಳನ್ನು ರುಚಿ ನೋಡಿ ಬೆರೆಸಿ ಗೂಜ್ ಎಂಬ ಬಿಯರ್ ಮಾಡುತ್ತಾರೆ. ಹಳೆಯದರಿಂದ ಹುಳಿ ಮತ್ತು ಪರಿಮಳ. ಎಳೆಯದರಲ್ಲಿ ಇನ್ನೂ ಉಳಿದಿರುವ ಸಕ್ಕರೆ ಸೀಸೆಯೊಳಗೆ ಹುದುಗಿ ನೊರೆ ಕೊಡುತ್ತದೆ. ಎಳೆಯದು ಹೆಚ್ಚಾದರೆ ಸೀಸೆ ಸಿಡಿಯುವ ಅಪಾಯವಿದೆ. ಹಾಗಾಗಿ ದಪ್ಪ ಗಾಜಿನ ಶಾಂಪೇನ್ ಸೀಸೆಗಳನ್ನೇ ಬಳಸುತ್ತಾರೆ.