ಮಲ್ಲಿಗೆಯ ಅಬ್ಸೊಲ್ಯೂಟ್: ದ್ರಾವಕ ಹೋದರೂ ಅಲರ್ಜಿಯ ಭಯ ಹೋಗದು

ಬೆಂಗಳೂರು: ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹಗಲು ಕೊಂಡ ಮಲ್ಲಿಗೆಯ ಮೊಗ್ಗು ಸಂಜೆ ಮನೆಯಲ್ಲಿ ಅರಳಿ ಘಮಘಮಿಸುತ್ತದೆ. ಬಳ್ಳಿಯಿಂದ ಕಿತ್ತ ಮೇಲೂ ಹೂವು ಪರಿಮಳವನ್ನು ಉತ್ಪಾದಿಸುತ್ತಲೇ ಇರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಶ್ರೀಗಂಧದ ಮರದಿಂದ ಹಬೆಯ ಮೂಲಕ ಎಣ್ಣೆ ಇಳಿಸುವಂತೆ ಮಲ್ಲಿಗೆಯಿಂದ ಇಳಿಸಲಾಗದು. ಬಿಸಿ ಹಬೆಗೆ ಹೂವು ಬೆಂದು ಪರಿಮಳ ಕೆಡುತ್ತದೆ.

ಆದ್ದರಿಂದ ಹೂವನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸುತ್ತಾರೆ. ಪರಿಮಳದ ಜೊತೆಗೆ ಹೂವಿನ ಮೇಣ ಮತ್ತು ಬಣ್ಣವೂ ಅದರಲ್ಲಿ ಕರಗುತ್ತವೆ. ಕಡಿಮೆ ಒತ್ತಡದಲ್ಲಿ ಹೆಕ್ಸೇನನ್ನು ಆವಿಯಾಗಿಸಿದರೆ ಉಳಿಯುವ ಮೇಣದಂಥ ಮುದ್ದೆಗೆ 'ಕಾಂಕ್ರೀಟ್' ಎಂದು ಹೆಸರು. ಇದನ್ನು ಮದ್ಯಸಾರದಲ್ಲಿ ಕಲಸಿ ತಂಪುಗೊಳಿಸಿದಾಗ ಮೇಣ ಗಟ್ಟಿಯಾಗಿ ಬೇರ್ಪಡುತ್ತದೆ. ಅದನ್ನು ಸೋಸಿ ಮದ್ಯಸಾರವನ್ನೂ ತೆಗೆದಾಗ ದೊರೆಯುವ ಮಂದವಾದ, ಕಂದು ಛಾಯೆಯ ದ್ರವವೇ 'ಅಬ್ಸೊಲ್ಯೂಟ್'. ಸುಮಾರು 700 ಕಿಲೋ ಹೂವಿನಿಂದ 2 ಕಿಲೋ ಕಾಂಕ್ರೀಟ್, ಅದರಿಂದ 1 ಕಿಲೋದಷ್ಟು ಅಬ್ಸೊಲ್ಯೂಟ್ ಸಿಗುತ್ತದೆ.

ಸುಗಂಧ ಚಿಕಿತ್ಸಕರಲ್ಲಿ ಅನೇಕರು ಅಬ್ಸೊಲ್ಯೂಟನ್ನು ಒಲ್ಲದಿರುವುದಕ್ಕೆ ಹೇಳುವ ಮೊದಲ ಕಾರಣ ಅದರಲ್ಲಿ ಉಳಿಯಬಹುದಾದ ಹೆಕ್ಸೇನ್. ಚೆನ್ನಾಗಿ ತಯಾರಿಸಿದ ಸರಕಿನಲ್ಲಿ ಇದು ಹತ್ತು ಲಕ್ಷ ಭಾಗಕ್ಕೆ ಕೆಲವೇ ಭಾಗದಷ್ಟಿರುತ್ತದೆ. ಅವಸರದಲ್ಲಿ ತಯಾರಿಸಿದ್ದರಲ್ಲಿ ಹೆಚ್ಚಿರಬಹುದು.

ಇಂಗಾಲದ ಡೈಆಕ್ಸೈಡ್ ವಿಧಾನದಲ್ಲಿ ಈ ತೊಂದರೆಯಿಲ್ಲ. 31 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ, ವಾಯುಮಂಡಲದ ಒತ್ತಡದ 73 ಪಟ್ಟಿಗೂ ಮೀರಿ ಒತ್ತಿದಾಗ ಈ ಅನಿಲ ದ್ರವದಂತೆ ಪರಿಮಳವನ್ನು ಕರಗಿಸಿಕೊಳ್ಳುತ್ತದೆ. ಒತ್ತಡ ಇಳಿಸಿದೊಡನೆ ಅನಿಲವಾಗಿ ಹಾರಿಹೋಗುತ್ತದೆ. ಆದರೆ ಅಷ್ಟು ಒತ್ತಡ ತಾಳುವ ಯಂತ್ರ ದುಬಾರಿ. ಹೂವಿನ ಮೇಣವೂ ಕೊಂಚ ಕರಗಿ ಬರುತ್ತದೆ. ಕೆಲವೊಮ್ಮೆ ಹೂವಿನ ಬದಲು ಹೆಕ್ಸೇನಿನಿಂದ ತೆಗೆದ ಕಾಂಕ್ರೀಟನ್ನೇ ಈ ಯಂತ್ರಕ್ಕೆ ಹಾಕುವುದುಂಟು. ಆಗ 'ದ್ರಾವಕ ಮುಟ್ಟಿಲ್ಲ' ಎಂಬ ಮಾತು ನಿಲ್ಲದು.

ಎರಡನೆಯ ಕಾರಣ ಇದಕ್ಕಿಂತ ಮುಖ್ಯವಾದುದು. ಮಲ್ಲಿಗೆಯ ಅಬ್ಸೊಲ್ಯೂಟ್ ಕೆಲವರ ಚರ್ಮಕ್ಕೆ ಅಲರ್ಜಿ ತರಬಲ್ಲದು. ಅಂತಾರಾಷ್ಟ್ರೀಯ ಸುಗಂಧ ಸಂಘ ಅದರ ಬಳಕೆಗೆ ಮಿತಿ ಹಾಕಿರುವುದೂ ಇದಕ್ಕಾಗಿಯೇ. ಈ ಗುಣ ಪರಿಮಳದ ಘಟಕಗಳಿಗೇ ಸೇರಿದ್ದು. ದ್ರಾವಕ ಬದಲಾದ ಮಾತ್ರಕ್ಕೆ ಹೋಗುವಂಥದ್ದಲ್ಲ. ಒಮ್ಮೆ ಅಲರ್ಜಿ ಅಂಟಿದರೆ ಮುಂದೆ ಅಲ್ಪ ಪ್ರಮಾಣವೂ ತುರಿಕೆ, ಕೆಂಪು ದದ್ದು ತರಬಹುದು.

ಆದ್ದರಿಂದ ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಎರಡು: ಹೂವಿನಿಂದ ತೆಗೆದದ್ದೇ, ಕಾಂಕ್ರೀಟಿನಿಂದಲೇ? ಉಳಿದ ದ್ರಾವಕ ಎಷ್ಟು? ಅಗ್ಗದ ಬೆಲೆಗೆ ಸಿಗುವ, ನೀರಿನಂತೆ ತೆಳುವಾದ, ಬಣ್ಣವಿಲ್ಲದ 'ಮಲ್ಲಿಗೆ ಎಣ್ಣೆ' ಅಬ್ಸೊಲ್ಯೂಟ್ ಆಗಿರಲಾರದು. ಅಸಲಿಯಾದರೂ ಅದನ್ನು ನೇರವಾಗಿ ಮೈಗೆ ಹಚ್ಚಬಾರದು.